ಕಸದ ಬುಟ್ಟಿಯ ಗೋಳಿನ ಶಿಶುಗೀತೆ: ತಾಳ ಎಲ್ಲಿ ತಪ್ಪುತ್ತಿದೆ, ಯಾರಾದರೂ ತಿದ್ದಿಕೊಡುವಿರಾ?

ಅಂಕೋಲಾ ಅಕ್ಕೋರು

ನಾನು ಅಂಕೋಲಾ ತಾಲೂಕಿನ ಒಂದು ಪ್ರಾಥಮಿಕ ಶಾಲೆಯಲ್ಲಿ ಒಂದನೆಯ ಮತ್ತು ಎರಡನೆಯ ತರಗತಿಯ ಮಕ್ಕಳಿಗೆ ಕಲಿಸುತ್ತೇನೆ. ಮನುಷ್ಯರು ತನ್ನೊಳಗೆ ಏನೇನು ಹಾಕುತ್ತಾರೆ ಎಂದು ಕಸದ ಬುಟ್ಟಿಯೇ ಗೋಳಾಡುವ ಒಂದು ಪ್ರಾಸಬದ್ಧ ಪದ್ಯ ಬೇಕೆನಿಸಿ ಕೆಳಗಿನ ಸಾಲುಗಳನ್ನು ಬರೆದಿದ್ದೇನೆ.

ನಾನು ಕಸದ ಬುಟ್ಟಿ, ನನ್ನ ಗೋಳು ಕೇಳಿರಿ
ಎಲ್ಲರೂ ನನ್ನೊಳಗೆ ಏನೇನೋ ಹಾಕುವಿರಿ
ಮೀನಿನ ಮುಳ್ಳನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ಎಸೆಯುವಿರಿ
ಹಳೆಯ ಬ್ಯಾಟರಿ, ಒಡೆದ ಗಾಜು ಕೂಡ ತುಂಬುವಿರಿ
ಪರಿಸರವನ್ನು ಉಳಿಸಿರಿ, ಸ್ವಚ್ಛತೆಯನ್ನು ಕಾಪಾಡಿರಿ

ಮಕ್ಕಳು ಮೊದಲ ಸಾಲನ್ನು ಚಪ್ಪಾಳೆ ತಟ್ಟುತ್ತ ಚೆನ್ನಾಗಿಯೇ ಹೇಳುತ್ತಾರೆ. ಮೂರನೆಯ ಸಾಲಿಗೆ ಬಂದೊಡನೆ ಅರ್ಧ ತರಗತಿ 'ಪ್ಲಾಸ್ಟಿಕ್ಕಿನಲ್ಲಿ' ಎಂಬಲ್ಲಿ ಓಡಿಬಿಡುತ್ತದೆ, ಉಳಿದ ಅರ್ಧ ಅಲ್ಲಿಯೇ ನಿಂತುಬಿಡುತ್ತದೆ. ಐದನೆಯ ಸಾಲನ್ನು ಯಾರೂ ನೆನಪಿನಲ್ಲಿಟ್ಟುಕೊಳ್ಳುವುದಿಲ್ಲ. ದೋಷ ಎಲ್ಲಿದೆ ಎಂದು ಬಲ್ಲವರು ಬಿಡಿಸಿ ಹೇಳಬೇಕೆಂದು ಕೋರುತ್ತೇನೆ.

ಗೋಕರ್ಣ ರಥಬೀದಿ

ಪದ್ಯ ಚೆನ್ನಾಗಿದೆ, ಆದರೆ ಕನ್ನಡದಲ್ಲಿ ಪ್ರಾಸವೆಂದರೆ ಪ್ರತಿ ಸಾಲಿನ ಎರಡನೆಯ ಅಕ್ಷರದ ವ್ಯಂಜನ ಒಂದೇ ಆಗಿರಬೇಕು. ನಿಮ್ಮ ಎಲ್ಲ ಸಾಲುಗಳಲ್ಲಿ ಅದು ಕೂಡಿಬಂದಿಲ್ಲವಾದ್ದರಿಂದ ಇದನ್ನು ಪ್ರಾಸಬದ್ಧ ಎನ್ನಲಾಗದು. ಎರಡನೆಯ ಅಕ್ಷರವನ್ನು ಸರಿಪಡಿಸಿದರೆ ತಾಳ ತಾನಾಗಿಯೇ ಬರುತ್ತದೆ.

ಹಳೇ ಮಾಸ್ತರ, ಕುಮಟಾ

ರಥಬೀದಿಯವರು ಹೇಳಿದ ನಿಯಮ ಹಳೆಯ ಕಾವ್ಯಗಳಿಗೆ, ಷಟ್ಪದಿಗಳಿಗೆ ಸರಿಯಾದದ್ದೇ. ಆದರೆ ಆರು ವರ್ಷದ ಮಗುವಿನ ಕಿವಿ ಸಾಲಿನ ತುದಿಗಾಗಿ ಕಾಯುತ್ತದೆ. ಆದ್ದರಿಂದ ಶಿಶುಗೀತೆಗೆ ಅಂತ್ಯಪ್ರಾಸವೇ ಮುಖ್ಯ. ಪ್ರಾಸ ಕೂಡಿದ ಮಾತ್ರಕ್ಕೆ ತಾಳ ಕೂಡುವುದೂ ಇಲ್ಲ, ಅವೆರಡೂ ಬೇರೆ ಬೇರೆ ಕೆಲಸಗಳು.

ಅಕ್ಕೋರೆ, ನಿಮ್ಮ ಮೊದಲ ಸಾಲನ್ನು ಬಿಡಿಸಿ ನೋಡಿ: ನಾನು, ಕಸದ, ಬುಟ್ಟಿ, ನನ್ನ, ಗೋಳು. ಪ್ರತಿಯೊಂದು ಪದವೂ ಮೂರು ಮಾತ್ರೆಯದು. ಹ್ರಸ್ವಕ್ಕೆ ಒಂದು, ದೀರ್ಘಕ್ಕೆ ಎರಡು, ಒತ್ತಕ್ಷರದ ಹಿಂದಿನ ಹ್ರಸ್ವಕ್ಕೂ ಸೊನ್ನೆ ಸೇರಿದ ಹ್ರಸ್ವಕ್ಕೂ ಎರಡು ಎಂದು ಎಣಿಸಿಕೊಂಡು ಹೋದರೆ ನಿಮಗೇ ತಿಳಿಯುತ್ತದೆ. ನಿಮಗೆ ಅರಿವಿಲ್ಲದೆಯೇ ಮೂರು ಮಾತ್ರೆಯ ನಡೆ ಕೂಡಿಬಂದಿದೆ, ಅದಕ್ಕೇ ಮಕ್ಕಳ ಚಪ್ಪಾಳೆ ಪ್ರತಿ ಪದದ ತಲೆಯ ಮೇಲೆ ಸರಿಯಾಗಿ ಬೀಳುತ್ತದೆ. ಮೂರನೆಯ ಸಾಲಿನಲ್ಲಿ 'ಮೀನಿನ' ನಾಲ್ಕು, 'ಮುಳ್ಳನ್ನು' ಐದು, 'ಪ್ಲಾಸ್ಟಿಕ್ಕಿನಲ್ಲಿ' ಎಂಟು. ಮೊದಲ ಸಾಲು ಒಟ್ಟು 19 ಮಾತ್ರೆ, ಮೂರನೆಯದು 25. ಓಡುವವರೂ ನಿಲ್ಲುವವರೂ ತಪ್ಪು ಮಾಡುತ್ತಿಲ್ಲ, ಕೈ ಮತ್ತು ಬಾಯಿಯನ್ನು ಹೊಂದಿಸಲು ತಮಗೆ ತೋಚಿದ್ದನ್ನು ಮಾಡುತ್ತಿದ್ದಾರೆ.

ಎರಡನೆಯ ದೋಷ ಪ್ರಾಸದಲ್ಲಿದೆ. ಹಾಕುವಿರಿ, ಎಸೆಯುವಿರಿ, ತುಂಬುವಿರಿ ಎಂಬಲ್ಲಿ ಕೂಡಿಕೊಂಡಿರುವುದು ಕ್ರಿಯಾಪದದ ಬಾಲ ಮಾತ್ರ. ಕನ್ನಡದಲ್ಲಿ ವಾಕ್ಯ ಸಾಮಾನ್ಯವಾಗಿ ಕ್ರಿಯಾಪದದಿಂದಲೇ ಮುಗಿಯುವುದರಿಂದ ಇಂತಹ ಪ್ರಾಸ ಎಷ್ಟು ಬೇಕಾದರೂ ಸಿಗುತ್ತದೆ, ಹಾಗಾಗಿ ಕಿವಿಗೆ ಏನೂ ದೊರೆತಂತಾಗುವುದಿಲ್ಲ. ಬುಟ್ಟಿ ಎಂದ ಮೇಲೆ ಕಟ್ಟಿ, ಡಬ್ಬ ಎಂದ ಮೇಲೆ ಹಬ್ಬ ಬಂದರೆ ಪದದ ಒಡಲೇ ಮಾರ್ದನಿಗೊಡುತ್ತದೆ. ಮುಂದಿನ ಪದ ಯಾವುದಿರಬಹುದೆಂದು ಮಗು ಊಹಿಸತೊಡಗುತ್ತದೆ.

ಚೆಂಡೆಯ ಮನೆ, ಹೊನ್ನಾವರ

ಮಾಸ್ತರು ಹೇಳಿದ್ದನ್ನು ಒಪ್ಪುತ್ತೇನೆ. ಮೂರು ಮೂರು ಸೇರಿ ಆರಾದರೆ ನಮ್ಮ ಯಕ್ಷಗಾನದ ರೂಪಕ ತಾಳಕ್ಕೆ ನೇರವಾಗಿ ಕೂರುತ್ತದೆ. ಈ ಕಡೆಯ ಮಕ್ಕಳು ಆಟ ನೋಡುತ್ತಲೇ ಬೆಳೆಯುವುದರಿಂದ ಆ ನಡೆ ಅವರ ಕಾಲಿನಲ್ಲಿಯೇ ಇರುತ್ತದೆ. ಸಾಲಿಗೆ ನಾಲ್ಕೇ ಪದ ಇರಲಿ, ಆರು ಬೇಡ; ಒಂದೇ ಉಸಿರಿಗೆ ಎರಡು ಸಾಲು ಮುಗಿಯಬೇಕು.

ಕೋಡಿಬಾಗದ ಓದುಗ, ಕಾರವಾರ

ನಮ್ಮ ಓಣಿಗೆ ಕಸದ ಗಾಡಿ ಬರುವ ಹೊತ್ತು ಒಂದು ದಿನ ಇದ್ದಂತೆ ಇನ್ನೊಂದು ದಿನ ಇರುವುದಿಲ್ಲ. ಮನೆಯವರೆಲ್ಲ ಕೆಲಸಕ್ಕೆ ಹೋದ ಮೇಲೆ ಗಾಡಿ ಬಂದರೆ ಬುಟ್ಟಿಯನ್ನು ಯಾರು ಕೊಡಬೇಕು? ಗೋಳು ಹೇಳಬೇಕಾದದ್ದು ಬುಟ್ಟಿಯಲ್ಲ, ನಾವು. ಇದಕ್ಕೆ ಯಾರಿಗೆ ಅರ್ಜಿ ಕೊಡಬೇಕೆಂದು ಯಾರಾದರೂ ತಿಳಿಸಿದರೆ ಉಪಕಾರವಾಗುತ್ತದೆ.

ಅಂಕೋಲಾ ಅಕ್ಕೋರು

ಕೋಡಿಬಾಗದವರೆ, ನಿಮ್ಮ ತೊಂದರೆ ನಿಜವಾದದ್ದು, ಅದಕ್ಕೆ ಬೇರೆಯೇ ಚರ್ಚೆ ತೆರೆದರೆ ಉತ್ತರ ಬೇಗ ಸಿಗಬಹುದು. ಇಲ್ಲಿ ಪದ್ಯವನ್ನಷ್ಟೇ ನೋಡೋಣ.

ಮಾಸ್ತರೆ, ಚೆಂಡೆಯ ಮನೆಯವರೆ, ನೀವು ಹೇಳಿದಂತೆ ಸಾಲಿಗೆ ಮೂರು ಮಾತ್ರೆಯ ನಾಲ್ಕು ಗಣ ಇಟ್ಟುಕೊಂಡು ಮತ್ತೆ ಬರೆದಿದ್ದೇನೆ.

ಕಸದ ಬುಟ್ಟಿ ನಾನು, ಪುಟ್ಟಿ,
ಕುಳಿತೆ ನೋಡು ಮೂಗು ಕಟ್ಟಿ.
ಮೀನ ಮುಳ್ಳು, ಹಣ್ಣ ಸಿಪ್ಪೆ,
ಅದಕೆ ಬೇರೆ ಉಂಟು ತಿಪ್ಪೆ.
ಚೀಲದೊಳಗೆ ಗಂಟು ಹಾಕಿ
ನನಗೆ ಏಕೆ ಕೊಟ್ಟೆ ನೂಕಿ?

ಹಳೇ ಮಾಸ್ತರ, ಕುಮಟಾ

ಮಾತ್ರೆ ಎಲ್ಲಿಯೂ ತಪ್ಪಿಲ್ಲ. 'ಚೀಲದೊಳಗೆ' ಎಂಬುದು ಆರು ಮಾತ್ರೆಯ ಒಂದೇ ಪದವಾದರೂ ಚೀಲ, ದೊಳಗೆ ಎಂದು ಸರಿಯಾಗಿ ನಡುವೆ ಒಡೆಯುವುದರಿಂದ ಚಪ್ಪಾಳೆಗೆ ತೊಡಕಾಗದು. 'ಮೂಗು ಕಟ್ಟಿ' ಎಂದದ್ದು ನನಗೆ ಬಹಳ ಹಿಡಿಸಿತು; ನೆಗಡಿಯಾದ ಮಗುವಿಗೆ ಅದು ಕೂಡಲೇ ಅರ್ಥವಾಗುತ್ತದೆ.

ಗಾಡಿಯ ಹಿಂದೆ

ನಾನು ಕಸ ಸಂಗ್ರಹಿಸುವ ಗಾಡಿಯಲ್ಲಿ ಕೆಲಸ ಮಾಡುವವನು, ಪದ್ಯದ ಲೆಕ್ಕ ನನಗೆ ತಿಳಿಯದು. ಆದರೆ ಅಕ್ಕೋರೆ, ನಿಮ್ಮ ಬುಟ್ಟಿ ಯಾವ ಬುಟ್ಟಿ? ಹಸಿ ಕಸಕ್ಕೆ ಹಸಿರು, ಒಣ ಕಸಕ್ಕೆ ನೀಲಿ ಎಂದು ನಾವು ಮನೆಮನೆಗೆ ಹೇಳುತ್ತ ಹೋಗುತ್ತೇವೆ. ಮೀನಿನ ಮುಳ್ಳು ಹಸಿರು ಬುಟ್ಟಿಗೆ ಬಂದರೆ ಅದು ಗೋಳಾಡಬೇಕಾಗಿಯೇ ಇಲ್ಲ, ಅದರ ಕೆಲಸವೇ ಅದು. ಬುಟ್ಟಿಗೆ ಕಸವೇ ಬೇಡ ಎಂದು ಪದ್ಯ ಕಲಿಸಿದರೆ ಮಗು ಬುಟ್ಟಿಯ ಹೊರಗೆ ಎಸೆಯುವುದನ್ನು ಕಲಿಯುತ್ತದೆ.

ನಿಜವಾದ ತೊಂದರೆ ಏನೆಂದು ಹೇಳುತ್ತೇನೆ. ಬಂಗಡೆಯ ತಲೆ, ಕರುಳು, ಸಿಗಡಿಯ ಸಿಪ್ಪೆ ಎಲ್ಲವನ್ನೂ ತೆಳ್ಳನೆಯ ಚೀಲದಲ್ಲಿ ತುಂಬಿ ಬಿಗಿಯಾಗಿ ಗಂಟು ಹಾಕಿ ಒಣ ಕಸದ ಬುಟ್ಟಿಯ ತಳದಲ್ಲಿ ಇಡುತ್ತಾರೆ. ಒಳಗೆ ಗಾಳಿ ಹೋಗುವುದಿಲ್ಲ, ನೀರು ಬಿಡುತ್ತದೆ, ಎರಡು ದಿನಕ್ಕೆ ಚೀಲ ಉಬ್ಬುತ್ತದೆ. ಎತ್ತುವಾಗ ಮುಳ್ಳು ತಾಗಿ ಚೀಲ ಹರಿದರೆ ಆ ನೀರೆಲ್ಲ ಕೆಳಗಿನ ಹಾಳೆ ಮತ್ತು ರಟ್ಟಿನ ಮೇಲೆ ಇಳಿಯುತ್ತದೆ. ಒದ್ದೆಯಾಗಿ ನಾರುವ ರಟ್ಟನ್ನು ಗುಜರಿಯವರು ಮುಟ್ಟುವುದಿಲ್ಲ. ಒಂದೇ ಒಂದು ಗಂಟು ಚೀಲದಿಂದ ಬುಟ್ಟಿಯಲ್ಲಿದ್ದ ಅಷ್ಟೂ ಒಣ ಕಸ ಹಾಳಾದಂತೆ. ಗಂಟು ಬಿಚ್ಚದ ಚೀಲವನ್ನು ಗೊಬ್ಬರದ ರಾಶಿಗೂ ಹಾಕುವಂತಿಲ್ಲ, ಯಾರಾದರೂ ಕೈಯಿಂದಲೇ ಬಿಚ್ಚಬೇಕು.

ಚೆಂಡೆಯ ಮನೆ, ಹೊನ್ನಾವರ

ಹಾಗಾದರೆ ಗೋಳಾಡುವುದು ನೀಲಿ ಬುಟ್ಟಿ. 'ನೀಲಿ' ಎಂಬುದೂ ಮೂರು ಮಾತ್ರೆಯೇ ಆದ್ದರಿಂದ 'ನೀಲಿ ಬುಟ್ಟಿ ನಾನು, ಪುಟ್ಟಿ' ಎಂದರೆ ಏನೂ ಕೆಡುವುದಿಲ್ಲ, ಪಾತ್ರವೂ ಖಚಿತವಾಗುತ್ತದೆ.

ಹಳೇ ಮಾಸ್ತರ, ಕುಮಟಾ

ಗಾಡಿಯವರ ಮಾತು ಇಡೀ ಪದ್ಯದ ದಿಕ್ಕನ್ನೇ ತಿದ್ದಿತು. ಗೋಳು ಹೇಳುವ ಪಾತ್ರ ತನ್ನ ಮೈಗೆ ತಾಗಿದ್ದನ್ನು ಮಾತ್ರ ಹೇಳಬೇಕು, ಅಕ್ಕೋರೆ. ಮೂಗು ಕಟ್ಟಿತು, ಹೊಟ್ಟೆಯಲ್ಲಿ ನೀರು ಸೋರಿತು, ರಟ್ಟು ಮೆತ್ತಗಾಯಿತು ಎನ್ನುವವರೆಗೆ ಅದು ಬುಟ್ಟಿ. ಪರಿಸರವನ್ನು ಉಳಿಸಿರಿ ಎಂದೊಡನೆ ಬುಟ್ಟಿಯ ಬಾಯಿಂದ ಭಾಷಣಕಾರರು ಮಾತಾಡತೊಡಗುತ್ತಾರೆ. ನಿಮ್ಮ ಮಕ್ಕಳು ಐದನೆಯ ಸಾಲನ್ನು ಮರೆಯುವುದಕ್ಕೆ ಅದರ 24 ಮಾತ್ರೆಗಳಷ್ಟೇ ಕಾರಣವಲ್ಲ. ಆ ಸಾಲಿನಲ್ಲಿ ಕಣ್ಣಿಗೆ ಕಾಣುವ ಒಂದು ವಸ್ತುವೂ ಇಲ್ಲ.

ಶಿರಸಿ ತೋಟದವ

'ಅದಕೆ ಬೇರೆ ಉಂಟು ತಿಪ್ಪೆ' ಎಂಬ ಸಾಲು ಬಹಳ ಚೆನ್ನಾಗಿದೆ, ದಯವಿಟ್ಟು ಉಳಿಸಿಕೊಳ್ಳಿ. ನಮ್ಮಲ್ಲಿ ತೋಟದ ಮನೆಗಳಿಗೆ ಹಸಿರು ಬುಟ್ಟಿಯ ಅಗತ್ಯವೇ ಇಲ್ಲ. ತರಕಾರಿ ಸಿಪ್ಪೆ, ಬಾಳೆ ಎಲೆ, ಕೊಟ್ಟಿಗೆಯ ಸಗಣಿ, ದರಕು ಎಲ್ಲವೂ ಗೊಬ್ಬರಗುಂಡಿಗೆ ಹೋಗಿ ಅಡಿಕೆ ಮರದ ಬುಡ ಸೇರುತ್ತವೆ. ಹಸಿ ಕಸವೆಲ್ಲ ಹಾಗೆಯೇ ಹೋಗಬೇಕೆಂದು ಮಕ್ಕಳಿಗೆ ತಿಳಿಯಲಿ.

ಕೋಡಿಬಾಗದ ಓದುಗ, ಕಾರವಾರ

ತೋಟದವರೆ, ನಾವು ಮೂರನೆಯ ಮಹಡಿಯಲ್ಲಿ ಇರುವವರು, ನಮಗೆ ತಿಪ್ಪೆ ಎಲ್ಲಿಂದ ಬರಬೇಕು? ಮೀನಿನ ಮುಳ್ಳನ್ನು ತೆರೆದ ತಿಪ್ಪೆಗೆ ಹಾಕಿದರೆ ನಾಯಿ ಮತ್ತು ಕಾಗೆಗಳು ಅದನ್ನು ಎಳೆದು ದಾರಿಗೆ ತರುತ್ತವೆ. ನಿಮ್ಮ ಮನೆಯಲ್ಲಿ ಮೀನು ಇಲ್ಲದ ಕಾರಣ ಈ ತೊಂದರೆ ನಿಮಗೆ ಗೊತ್ತಿಲ್ಲ.

ಶಿರಸಿ ತೋಟದವ

ಮೀನಿನ ಮಾತು ಒಪ್ಪಿದೆ. ಆದರೂ ಗುಂಡಿಗೆ ಹಾಕಿ ಮೇಲೆ ಮಣ್ಣು ಮುಚ್ಚಿದರೆ ನಾಯಿ ಬರುವುದಿಲ್ಲ, ತೆಂಗಿನ ಬುಡಕ್ಕೆ ಮೀನಿನ ಗೊಬ್ಬರ ಹಾಕುವ ವಾಡಿಕೆ ನಿಮ್ಮ ಕರಾವಳಿಯಲ್ಲಿಯೇ ಇದೆ. ಹಳ್ಳಿಯ ಶಾಲೆಗಾದರೂ ತಿಪ್ಪೆ ಇರಲಿ.

ಅಂಕೋಲಾ ಅಕ್ಕೋರು

ಇಬ್ಬರ ಮಾತಿನಿಂದ ನನಗೆ ಬೇರೊಂದು ಜೋಡಿ ಹೊಳೆಯಿತು.

ಮೀನ ಮುಳ್ಳು, ಬಾಳೆ ದಂಟು,
ಅದಕೆ ಹಸಿರು ಅಣ್ಣನುಂಟು.

ಹಸಿರು ಬುಟ್ಟಿಯನ್ನು ಅಣ್ಣನೆಂದು ಕರೆದರೆ ಎರಡು ಬುಟ್ಟಿಗಳ ಸಂಬಂಧ ಮಕ್ಕಳಿಗೆ ಒಂದೇ ಸಾಲಿನಲ್ಲಿ ತಿಳಿಯುತ್ತದೆ. ತಿಪ್ಪೆಯ ಜೋಡಿಯನ್ನು ಹಳ್ಳಿಯ ಶಾಲೆಯವರು ಅದರ ಜಾಗದಲ್ಲಿ ಹಾಡಿಕೊಳ್ಳಬಹುದು. ಮುಂದಿನ ಭಾಗವನ್ನು ಹೀಗೆ ಬರೆದಿದ್ದೇನೆ.

ಸಾರು ಸೋರಿ ಹಾಳೆ ಒದ್ದೆ,
ರಟ್ಟು ನೆನೆದು ರಾಗಿಮುದ್ದೆ.
ಗಾಜು ಚೂರು ಇಟ್ಟೆ ಮುಚ್ಚಿ,
ಅಕ್ಕ ಅತ್ತಳದುವೆ ಚುಚ್ಚಿ.

ಗೋಕರ್ಣ ರಥಬೀದಿ

ರಾಗಿಮುದ್ದೆ ನಮ್ಮ ಕಡೆಯ ಊಟವಲ್ಲ. ಗಂಜಿ ಉಣ್ಣುವ ಮಗುವಿಗೆ ನೆನೆದ ರಟ್ಟು ರಾಗಿಮುದ್ದೆಯಂತೆ ಆಯಿತೆಂದರೆ ಏನು ಕಾಣಬೇಕು? ಪಠ್ಯಪುಸ್ತಕದಲ್ಲಿ ನೋಡಿದ್ದನ್ನು ಇಲ್ಲಿಗೆ ತರುವುದು ಬೇಡ.

ಹಳೇ ಮಾಸ್ತರ, ಕುಮಟಾ

ರಥಬೀದಿಯವರ ಈ ಆಕ್ಷೇಪ ನೂರಕ್ಕೆ ನೂರು ಸರಿ. 'ರಟ್ಟು ನೆನೆದು ಆಯ್ತು ಮುದ್ದೆ' ಎಂದರೆ ಮಾತ್ರೆಯೂ ಪ್ರಾಸವೂ ಉಳಿಯುತ್ತವೆ, ಊಟದ ಪ್ರಶ್ನೆಯೇ ಏಳುವುದಿಲ್ಲ.

ಗಾಜಿನ ಜೋಡಿಯ ಬಗ್ಗೆ ಮಾತ್ರ ನನಗೆ ಅನುಮಾನವಿದೆ. ಅಲ್ಲಿ ನೋವಾದದ್ದು ಬುಟ್ಟಿಗಲ್ಲ, ಅಕ್ಕನಿಗೆ. ಬುಟ್ಟಿ ತನ್ನ ಗೋಳನ್ನು ಬಿಟ್ಟು ಬೇರೆಯವರ ಗೋಳನ್ನು ಹೇಳತೊಡಗಿದರೆ ಪದ್ಯದ ಕಟ್ಟು ಸಡಿಲವಾಗುತ್ತದೆ. ಅಷ್ಟು ಎಳೆಯ ಮಕ್ಕಳ ಹಾಡಿನಲ್ಲಿ ಗಾಯದ ಮಾತು ಬೇಕೇ ಎಂಬುದನ್ನೂ ಯೋಚಿಸಿ.

ಗಾಡಿಯ ಹಿಂದೆ

ಮಾಸ್ತರೆ, ಅದೊಂದು ಜೋಡಿಯನ್ನು ತೆಗೆಯಬೇಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಬುಟ್ಟಿಯನ್ನು ನಾವು ಬಗ್ಗಿಸಿ ಸುರಿಯುತ್ತೇವೆ, ತಳದಲ್ಲಿ ಅಂಟಿಕೊಂಡದ್ದನ್ನು ಕೈ ಹಾಕಿ ತೆಗೆಯುತ್ತೇವೆ. ಹಾಳೆಯ ಕೆಳಗೆ ಬಲ್ಬಿನ ಚೂರೋ ಒಡೆದ ಲೋಟವೋ ಇದ್ದರೆ ಮೇಲಿನಿಂದ ಕಾಣುವುದಿಲ್ಲ. ಕೈಗವಸು ಇದ್ದರೂ ಉದ್ದನೆಯ ಚೂರು ಅದನ್ನು ದಾಟಿ ಒಳಗೆ ಹೋಗುತ್ತದೆ. ನನ್ನ ಜೊತೆ ಕೆಲಸ ಮಾಡುವ ಅಕ್ಕನೊಬ್ಬಳ ಹೆಬ್ಬೆರಳಿನ ಬುಡ ಹೀಗೆಯೇ ಸೀಳಿ ಹೊಲಿಗೆ ಹಾಕಿಸಬೇಕಾಯಿತು. ಗಾಜನ್ನು ದಪ್ಪ ಹಾಳೆಯಲ್ಲಿ ಸುತ್ತಿ, ಮೇಲೆ ಗುರುತು ಹಾಕಿ, ಬುಟ್ಟಿಗೆ ಹಾಕದೆ ನಮ್ಮ ಕೈಗೇ ಬೇರೆಯಾಗಿ ಕೊಟ್ಟರೆ ಯಾರಿಗೂ ಏನೂ ಆಗುವುದಿಲ್ಲ. ಚಿಕ್ಕ ಮಕ್ಕಳು ಮನೆಯಲ್ಲಿ ಒಮ್ಮೆ ಹಾಡಿದರೆ ದೊಡ್ಡವರು ಕೇಳುತ್ತಾರೆ, ನಾವು ಹೇಳಿದರೆ ಕೇಳುವುದಿಲ್ಲ.

ಅಂಕೋಲಾ ಅಕ್ಕೋರು

ಈ ಜೋಡಿ ಇರುತ್ತದೆ. ಬುಟ್ಟಿಯನ್ನು ಪ್ರತಿದಿನ ಎತ್ತುವವಳು ಆ ಅಕ್ಕ, ಅವಳು ಅತ್ತದ್ದನ್ನು ಅತಿ ಹತ್ತಿರದಿಂದ ನೋಡುವುದು ಬುಟ್ಟಿಯೇ ಆದ್ದರಿಂದ ಅದು ಹೇಳಿದರೆ ತಪ್ಪಿಲ್ಲವೆಂದು ನನಗೆ ಅನಿಸುತ್ತದೆ. ನೀವು ಹೇಳಿದ ಕ್ರಮವನ್ನೂ ಸೇರಿಸಿದ್ದೇನೆ.

ಹಾಳೆ ಸುತ್ತಿ ಗುರುತು ಹಾಕು,
ಬೇರೆ ಕೊಟ್ಟರಷ್ಟೆ ಸಾಕು.

ಹಳೇ ಮಾಸ್ತರ, ಕುಮಟಾ

ನನ್ನ ಅನುಮಾನ ಪೂರ್ತಿ ಹೋಗಿಲ್ಲ, ಆದರೆ ಕೈ ಸೀಳಿಸಿಕೊಂಡವರ ಜೊತೆಗಾರರ ಮಾತಿನ ಮುಂದೆ ಛಂದಸ್ಸಿನ ವಾದವನ್ನು ಬೆಳೆಸುವುದಿಲ್ಲ. 'ಹಾಳೆ ಸುತ್ತಿ ಗುರುತು ಹಾಕು' ಎಂಬುದರಲ್ಲಿ ಮಗು ಮಾಡಬಲ್ಲ ಕೆಲಸ ಇರುವುದರಿಂದ ಅದು ಉಪದೇಶವಾಗಿ ಕೇಳಿಸುವುದಿಲ್ಲ. ಆದರೂ ಮಕ್ಕಳು ಗಾಜನ್ನು ತಾವೇ ಮುಟ್ಟದಂತೆ, ಸುತ್ತುವುದನ್ನು ದೊಡ್ಡವರಿಗೆ ಬಿಟ್ಟು ಗುರುತನ್ನಷ್ಟೇ ಹಾಕುವಂತೆ ತರಗತಿಯಲ್ಲಿ ಬಾಯಿಮಾತಿನಲ್ಲಿ ಹೇಳಿಬಿಡಿ.

ಗೋಕರ್ಣ ರಥಬೀದಿ

ಬ್ಯಾಟರಿ ಎಲ್ಲಿ ಹೋಯಿತು? ಮೊದಲ ಕರಡಿನಲ್ಲಿ ಇತ್ತು. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಹಸಿ ಮತ್ತು ಒಣ ಎಂಬ ಎರಡರ ಜೊತೆಗೆ ಮನೆಯ ಅಪಾಯಕಾರಿ ಕಸವನ್ನು ಮೂರನೆಯದಾಗಿ ಬೇರೆ ಇಡಬೇಕೆಂದು ಹೇಳಿದ್ದವು. ಎರಡೇ ಬುಟ್ಟಿ ಎಂದು ಮಕ್ಕಳು ತಿಳಿದರೆ ಪಾಠ ಅರ್ಧವಾಗುತ್ತದೆ. 'ಸತ್ತ ಸೆಲ್ಲು' ಎಂದರೆ ಆರು ಮಾತ್ರೆ ಸರಿಯಾಗಿ ಕೂರುತ್ತದೆ ಎಂದು ನಾನೂ ಈಗ ಎಣಿಸಿ ನೋಡಿದೆ.

ಚೆಂಡೆಯ ಮನೆ, ಹೊನ್ನಾವರ

ಮಾತ್ರೆ ಕೂರುತ್ತದೆ, ಗೋಳು ಕೂರುವುದಿಲ್ಲ. ಸತ್ತ ಸೆಲ್ಲಿನಿಂದ ನೀಲಿ ಬುಟ್ಟಿಗೆ ಆಗುವ ತೊಂದರೆ ಏನು? ಅದು ನಾರುವುದಿಲ್ಲ, ಚುಚ್ಚುವುದಿಲ್ಲ. ತೊಂದರೆಯಾಗುವುದು ಮುಂದೆ ಎಲ್ಲಿಯೋ ರಾಶಿಯಲ್ಲಿ ಅದು ತುಕ್ಕು ಹಿಡಿದು ಒಳಗಿನದು ಮಣ್ಣಿಗೆ ಸೋರಿದಾಗ. ಅಷ್ಟು ದೂರದ ಮಾತನ್ನು ಈ ಬುಟ್ಟಿ ಹೇಳಿದರೆ ಮತ್ತೆ ಭಾಷಣವೇ ಆಗುತ್ತದೆ. ಅದಕ್ಕೆ ಬೇರೆ ಪದ್ಯ ಬೇಕು, ಬೇರೆ ಪಾತ್ರ ಬೇಕು.

ಗೋಕರ್ಣ ರಥಬೀದಿ

ನಾನು ಒಪ್ಪುವುದಿಲ್ಲ. ಆಟಿಕೆಗಳಿಂದ ಸೆಲ್ಲು ಬಿಚ್ಚಿ ಎಸೆಯುವವರು ಮಕ್ಕಳೇ ಆದ್ದರಿಂದ ಗಾಜಿಗಿಂತ ಸೆಲ್ಲಿನ ಮಾತೇ ಅವರಿಗೆ ಹತ್ತಿರ.

ಅಂಕೋಲಾ ಅಕ್ಕೋರು

ಎರಡೂ ವಾದಗಳಲ್ಲಿ ಹುರುಳಿದೆ. ಸದ್ಯಕ್ಕೆ ಸೆಲ್ಲನ್ನು ಹೊರಗಿಟ್ಟಿದ್ದೇನೆ, ರಥಬೀದಿಯವರು ಒಂದು ಜೋಡಿಯನ್ನು ಬರೆದುಕೊಟ್ಟರೆ ಮತ್ತೆ ನೋಡೋಣ. ಕೊನೆಗೆ ಬುಟ್ಟಿಗೆ ಏನು ಇಷ್ಟವೆಂದು ಹೇಳಿ ಮುಗಿಸಿದ್ದೇನೆ, ಇಡೀ ಪದ್ಯ ಹೀಗಿದೆ.

ನೀಲಿ ಬುಟ್ಟಿ ನಾನು, ಪುಟ್ಟಿ,
ಕುಳಿತೆ ನೋಡು ಮೂಗು ಕಟ್ಟಿ.
ಮೀನ ಮುಳ್ಳು, ಬಾಳೆ ದಂಟು,
ಅದಕೆ ಹಸಿರು ಅಣ್ಣನುಂಟು.
ಚೀಲದೊಳಗೆ ಗಂಟು ಹಾಕಿ
ನನಗೆ ಏಕೆ ಕೊಟ್ಟೆ ನೂಕಿ?
ಸಾರು ಸೋರಿ ಹಾಳೆ ಒದ್ದೆ,
ರಟ್ಟು ನೆನೆದು ಆಯ್ತು ಮುದ್ದೆ.
ಗಾಜು ಚೂರು ಇಟ್ಟೆ ಮುಚ್ಚಿ,
ಅಕ್ಕ ಅತ್ತಳದುವೆ ಚುಚ್ಚಿ.
ಹಾಳೆ ಸುತ್ತಿ ಗುರುತು ಹಾಕು,
ಬೇರೆ ಕೊಟ್ಟರಷ್ಟೆ ಸಾಕು.
ಹಾಳೆ, ರಟ್ಟು, ತಗಡು, ಡಬ್ಬ
ಬಂದರೆನಗೆ ಬಂಡಿಹಬ್ಬ!

ಚೆಂಡೆಯ ಮನೆ, ಹೊನ್ನಾವರ

ಬಂಡಿಹಬ್ಬ! ಅಂಕೋಲೆಯ ಮಕ್ಕಳು ಆ ಸಾಲಿಗೆ ಕುಣಿಯದಿದ್ದರೆ ಕೇಳಿ.

ಶಿರಸಿ ತೋಟದವ

ಘಟ್ಟದ ಮೇಲಿನ ಮಕ್ಕಳಿಗೆ ಬಂಡಿಹಬ್ಬ ಅಷ್ಟಾಗಿ ಗೊತ್ತಿಲ್ಲ. ನಮಗೆ ದೊಡ್ಡದೆಂದರೆ ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆ, ಆದರೆ 'ಜಾತ್ರೆ'ಗೆ ಡಬ್ಬ ಹೊಂದುವುದಿಲ್ಲ. 'ಊರ ಹಬ್ಬ' ಎಂದರೆ ಎಲ್ಲರಿಗೂ ಸಲ್ಲುತ್ತದೆ.

ಅಂಕೋಲಾ ಅಕ್ಕೋರು

ನಿಮ್ಮ ಶಾಲೆಗಳಲ್ಲಿ ಖಂಡಿತ ಹಾಗೆಯೇ ಹಾಡಿ. ನನ್ನ ತರಗತಿಯಲ್ಲಿ ಬಂಡಿಹಬ್ಬವೇ ಇರುತ್ತದೆ, ಅದನ್ನು ಬಿಟ್ಟುಕೊಡಲಾರೆ.

ಗಾಡಿಯ ಹಿಂದೆ

ಡಬ್ಬವನ್ನು ತೊಳೆದು ಹಾಕಬೇಕೆಂದು ಎಲ್ಲಿಯಾದರೂ ಸೇರಿಸಲು ಸಾಧ್ಯವೇ? ತಳದಲ್ಲಿ ಎಣ್ಣೆ ಉಳಿದ ಉಪ್ಪಿನಕಾಯಿ ಡಬ್ಬ, ಹಾಲು ಉಳಿದ ಪೊಟ್ಟಣ ಬಂದರೆ ಇರುವೆಯೂ ಹುಳಿ ವಾಸನೆಯೂ ಬರುತ್ತವೆ. ಒಮ್ಮೆ ನೀರಾಡಿಸಿ ಕವುಚಿ ಇಟ್ಟರೆ ಸಾಕು.

ಹಳೇ ಮಾಸ್ತರ, ಕುಮಟಾ

'ತೊಳೆದ' ಎಂಬುದು ಮೂರು ಮಾತ್ರೆ, 'ತಗಡು' ಎಂಬುದೂ ಮೂರು ಮಾತ್ರೆ. 'ಹಾಳೆ, ರಟ್ಟು, ತೊಳೆದ ಡಬ್ಬ' ಎಂದು ಬದಲಿಸಿದರೆ ಗಾಡಿಯವರು ಕೇಳಿದ್ದು ಒಂದು ಅಕ್ಷರವೂ ಹೆಚ್ಚಾಗದೆ ಬಂದುಬಿಡುತ್ತದೆ, ತಗಡಿನ ಡಬ್ಬವೂ ಅದರಲ್ಲಿಯೇ ಸೇರುತ್ತದೆ.

ಕೊನೆಯ ಸಾಲಿನಲ್ಲಿ ಮಾತ್ರ ಒಂದು ತೊಡಕು ಉಳಿದಿದೆ. 'ಎನಗೆ' ಎಂದು ಇಂದಿನ ಯಾವ ಮಗುವೂ ಮಾತಾಡುವುದಿಲ್ಲ, 'ಬಂದರೆನಗೆ' ಎಂಬುದನ್ನು ಮಕ್ಕಳು 'ಬಂದರೆ ನಗೆ' ಎಂದು ಒಡೆದು ಓದುತ್ತಾರೆ, ಆಗ ಚಪ್ಪಾಳೆ ಮತ್ತೆ ತಪ್ಪುತ್ತದೆ. 'ಬಂದ ದಿನವೆ ಬಂಡಿಹಬ್ಬ' ಎಂದು ಮಾಡಿ ನೋಡಿ. ಬಂದ, ದಿನವೆ, ಬಂಡಿ, ಹಬ್ಬ, ನಾಲ್ಕೂ ಬಿಡಿಬಿಡಿಯಾಗಿ ಮೂರು ಮಾತ್ರೆಯವು.

ಅಂಕೋಲಾ ಅಕ್ಕೋರು

ಎರಡನ್ನೂ ಬದಲಿಸಿಕೊಂಡೆ, ಮಾಸ್ತರೆ. ಸೋಮವಾರ ಹಲಗೆಯ ಮೇಲೆ ಬರೆದು ಹಾಡಿಸುತ್ತೇನೆ. 'ಅತ್ತಳದುವೆ' ಎಂಬಲ್ಲಿಯೂ ಮಕ್ಕಳು ಎಡವಬಹುದೆಂದು ನನಗೆ ಸಂದೇಹವಿದೆ. ಎಡವಿದರೆ ಆ ಸಾಲನ್ನು ಮತ್ತೆ ಇಲ್ಲಿಗೆ ತರುತ್ತೇನೆ.

ಗೋಕರ್ಣ ರಥಬೀದಿ

ಸೆಲ್ಲಿನ ಜೋಡಿಯನ್ನು ಅಷ್ಟರೊಳಗೆ ನಾನು ಬರೆದು ಹಾಕುತ್ತೇನೆ, ಎರಡನೆಯ ಅಕ್ಷರದ ಪ್ರಾಸವನ್ನೂ ಸೇರಿಸಿಯೇ ಬರೆಯುತ್ತೇನೆ.